ಸ್ಪ್ರಿಂಗ್ ಎಳೆದಾಗ ಆ ಅರ್ಧ ಎಲ್ಲಿಂದ ಬಂತು?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಪ್ರಥಮ ಪಿಯುಸಿಯ ‘ಕೆಲಸ, ಶಕ್ತಿ ಮತ್ತು ಸಾಮರ್ಥ್ಯ’ ಪಾಠ ನಡೆಯುವ ಕಾಲ ಇದಾದ್ದರಿಂದ ಇರಬೇಕು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕಷ್ಟೇ ಉತ್ತರಿಸಿದ್ದೇನೆ.

ಪ್ರಶ್ನೆ: ಸರ್, ನಾನು ಜಯಲಕ್ಷ್ಮಿಪುರಂನವಳು, ಪ್ರಥಮ ಪಿಯುಸಿ ವಿದ್ಯಾರ್ಥಿನಿ. ಲ್ಯಾಬಿನಲ್ಲಿ ನಮ್ಮ ಸ್ಪ್ರಿಂಗಿಗೆ 50 ಗ್ರಾಂ ತೂಗುಹಾಕಿದರೆ ಮುಳ್ಳು 2 ಸೆಂ.ಮೀ. ಇಳಿಯಿತು. 100 ಗ್ರಾಂಗೆ 4, ಹೀಗೇ ಹೋಗಿ 250 ಗ್ರಾಂಗೆ 10 ಸೆಂ.ಮೀ. ಬಂತು. ಕೆಲಸ ಎಂದರೆ ಬಲ ಗುಣಿಸು ದೂರ ಅಲ್ಲವೇ? 2.45 ನ್ಯೂಟನ್ನನ್ನು 0.10 ಮೀಟರಿನಿಂದ ಗುಣಿಸಿದೆ, 0.245 ಜೂಲ್ ಬಂತು. ಪುಸ್ತಕದ ಸೂತ್ರ ಹಾಕಿದರೆ ಇದರ ಅರ್ಧ ಮಾತ್ರ ಬರುತ್ತದೆ. x ಅನ್ನು ಅನುಕಲಿಸಿದರೆ x²/2 ಬರುತ್ತದೆಂದು ನನಗೆ ಗೊತ್ತು. ಆದರೆ ಇಲ್ಲಿ ಅನುಕಲನ ಯಾಕೆ ಬಂತು, ಅದನ್ನು ನಾವೇ ಬರೆದುಕೊಳ್ಳುವುದು ಹೇಗೆ ಎಂಬುದು ಹೊಳೆಯುತ್ತಿಲ್ಲ.

ಉತ್ತರ: ನಿನ್ನ ಅಳತೆಗಳು ಚೆನ್ನಾಗಿವೆ, ಅವನ್ನೇ ಇಟ್ಟುಕೊಂಡು ನೋಡೋಣ. ಪ್ರತಿ 50 ಗ್ರಾಂಗೆ, ಅಂದರೆ 0.49 ನ್ಯೂಟನ್ನಿಗೆ, 2 ಸೆಂ.ಮೀ. ಹಿಗ್ಗಿದರೆ ಸ್ಪ್ರಿಂಗ್ ಸ್ಥಿರಾಂಕ k = 0.49/0.02 = 24.5 ನ್ಯೂಟನ್ ಪ್ರತಿ ಮೀಟರ್. ಹಿಗ್ಗುವಿಕೆ x ಆಗಿದ್ದಾಗ ಅದನ್ನು ಹಾಗೇ ಹಿಡಿದಿಡಲು ಬೇಕಾದ ಬಲ F = kx.

‘ಬಲ ಗುಣಿಸು ದೂರ’ ಎಂಬ ಮಾತಿಗೆ ಒಂದು ಷರತ್ತು ಇದೆ. ಆ ದೂರ ಪೂರ್ತಿ ಬಲ ಒಂದೇ ಆಗಿರಬೇಕು. ನೀನು 2.45 ನ್ಯೂಟನ್ ಎಂದು ತೆಗೆದುಕೊಂಡ ಬಲ 10ನೆಯ ಸೆಂಟಿಮೀಟರಿನ ತುದಿಯಲ್ಲಷ್ಟೇ ಬೇಕಾದದ್ದು. ಎಳೆಯಲು ಶುರುಮಾಡಿದ ಗಳಿಗೆಯಲ್ಲಿ ಸ್ಪ್ರಿಂಗ್ ಏನೂ ತಡೆಯುತ್ತಿರಲಿಲ್ಲ. 4 ಸೆಂ.ಮೀ. ಹತ್ತಿರ 0.98 ನ್ಯೂಟನ್ ಸಾಕಾಗಿತ್ತು. ದಾರಿಯ ಕೊನೆಯಲ್ಲಿ ಮಾತ್ರ ಬೇಕಾದ ಬಲವನ್ನು ದಾರಿ ಪೂರ್ತಿ ಬೇಕಾಗಿತ್ತು ಎಂದು ಹಿಡಿದಿದ್ದರಿಂದ ಲೆಕ್ಕ ಹೆಚ್ಚಾಯಿತು.

ಹಾಗಾದರೆ ಯಾವ ಬಲವನ್ನು ತೆಗೆದುಕೊಳ್ಳಬೇಕು? ಒಂದೇ ಬಲ ಎಂಬುದು ಇಲ್ಲವಲ್ಲ, ಆದ್ದರಿಂದ ದಾರಿಯನ್ನೇ ತುಂಡು ಮಾಡಬೇಕು. 10 ಸೆಂ.ಮೀ.ಯನ್ನು 2 ಸೆಂ.ಮೀ.ಯ ಐದು ತುಂಡು ಮಾಡು. ಪ್ರತಿ ತುಂಡಿನಲ್ಲೂ ಬಲ ಆ ತುಂಡಿನ ಆರಂಭದಲ್ಲಿದ್ದಷ್ಟೇ ಎಂದುಕೊಂಡರೆ ಬಲಗಳು ಕ್ರಮವಾಗಿ 0, 0.49, 0.98, 1.47, 1.96 ನ್ಯೂಟನ್. ಕೂಡಿದರೆ 4.90. ಅದನ್ನು 0.02 ಮೀಟರಿನಿಂದ ಗುಣಿಸಿದರೆ 0.098 ಜೂಲ್. ಬಲ ಏರುತ್ತಲೇ ಹೋಗುವುದರಿಂದ ಇದು ನಿಜಕ್ಕಿಂತ ಕಡಿಮೆ. ಇನ್ನು ಪ್ರತಿ ತುಂಡಿನ ಕೊನೆಯ ಬಲವನ್ನು ತೆಗೆದುಕೊಂಡರೆ ಮೊತ್ತ 7.35, ಕೆಲಸ 0.147 ಜೂಲ್. ಇದು ನಿಜಕ್ಕಿಂತ ಹೆಚ್ಚು. ಸರಿಯಾದ ಉತ್ತರ ಈ ಎರಡರ ನಡುವೆ ಎಲ್ಲೋ ಇದೆ. ಇಷ್ಟರಲ್ಲೇ ನಿನ್ನ 0.245 ತಪ್ಪೆಂದು ತೀರ್ಮಾನವಾಯಿತು, ಅನುಕಲನದ ಹೆಸರನ್ನೇ ಎತ್ತಲಿಲ್ಲ.

ತುಂಡನ್ನು 1 ಸೆಂ.ಮೀ.ಗೆ ಇಳಿಸು. ಕಡಿಮೆಯ ಲೆಕ್ಕ 0.11025, ಹೆಚ್ಚಿನ ಲೆಕ್ಕ 0.13475. 1 ಮಿ.ಮೀ.ಗೆ ಇಳಿಸಿದರೆ 0.121275 ಮತ್ತು 0.123725. ಎರಡೂ ಒಂದರತ್ತ ಒಂದು ಸರಿಯುತ್ತಿವೆ. ಅವು ಸೇರುವ ಜಾಗ 0.1225 ಜೂಲ್. ತುಂಡುಗಳನ್ನು ಎಷ್ಟು ಬೇಕಾದರೂ ಸಣ್ಣದು ಮಾಡುತ್ತಾ ಹೋದಾಗ ಈ ಮೊತ್ತ ಎಲ್ಲಿಗೆ ಮುಟ್ಟುತ್ತದೋ ಅದಕ್ಕೇ ಅನುಕಲನ ಎನ್ನುವುದು. ಇಲ್ಲಿ ಅದು ಯಾಕೆ ಬಂತು ಎಂಬ ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ: ಬಲ ದಾರಿಯುದ್ದಕ್ಕೂ ಬದಲಾಗುತ್ತದೆ, ಆದ್ದರಿಂದ ತುಂಡು ಮಾಡಿ ಕೂಡದೆ ಬೇರೆ ದಾರಿಯಿಲ್ಲ.

ಈಗ ಬರೆಯುವ ಕ್ರಮ. ಮೊದಲು ಒಂದೇ ಒಂದು ತುಂಡನ್ನು ಬರೆ. ಸ್ಪ್ರಿಂಗ್ ಆಗಲೇ x ಅಷ್ಟು ಹಿಗ್ಗಿದೆ, ಇನ್ನು dx ಅಷ್ಟು ಎಳೆಯುತ್ತೀಯ. ಆ ಪುಟ್ಟ ದೂರದಲ್ಲಿ ಬಲ kx ಎಂದೇ ಹಿಡಿಯಬಹುದು. ಹಾಗಾಗಿ

dW = kx dx

ಆಮೇಲೆ ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿಕೋ. ಸಹಜ ಉದ್ದದಿಂದ, ಅಂದರೆ x = 0 ಯಿಂದ, ಕೊನೆಯ ಹಿಗ್ಗುವಿಕೆ X ವರೆಗೆ. ಅಲ್ಲಿಗೆ

W = ∫ kx dx (0 ಯಿಂದ X ವರೆಗೆ) = ½kX²

ಚಿಕ್ಕ x ದಾರಿಯಲ್ಲಿ ಬದಲಾಗುತ್ತಾ ಹೋಗುವುದು, ದೊಡ್ಡ X ನಾವು ನಿಲ್ಲಿಸಿದ ಜಾಗ. ಎರಡಕ್ಕೂ ಒಂದೇ ಅಕ್ಷರ ಬಳಸುವುದರಿಂದಲೇ ಬಹಳ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಬೇರೆ ಬೇರೆ ಬರೆಯುವ ಅಭ್ಯಾಸ ಮಾಡಿಕೋ. ಅನುಕಲನದಲ್ಲಿ kx ಬದಲು kX ಬರೆದರೆ ಅದು ಸ್ಥಿರ ಬಲವಾಗಿ ಹೊರಗೆ ಬಂದುಬಿಡುತ್ತದೆ, ಮತ್ತೆ ನಿನ್ನ 0.245ಕ್ಕೇ ಹೋಗಿ ನಿಲ್ಲುತ್ತೀಯ.

ಗ್ರಾಫಿನಲ್ಲೂ ಇದನ್ನು ನೋಡಬಹುದು. ಅಡ್ಡಕ್ಕೆ ಹಿಗ್ಗುವಿಕೆ, ಮೇಲಕ್ಕೆ ಬಲ. ಗೆರೆ ಮೂಲಬಿಂದುವಿನಿಂದ ನೇರ ಮೇಲೇರುತ್ತದೆ, ಅದರ ಕೆಳಗೆ ತ್ರಿಕೋನ ಉಳಿಯುತ್ತದೆ. ಪಾದ 0.10, ಎತ್ತರ 2.45, ವಿಸ್ತೀರ್ಣ 0.1225. ನಿನ್ನ ಮೊದಲಿನ ಲೆಕ್ಕ ಅದೇ ಪಾದ, ಅದೇ ಎತ್ತರದ ಆಯತದ್ದು.

ಪುಸ್ತಕದಲ್ಲಿ F = –kx ಎಂದು ಋಣಚಿಹ್ನೆ ಕಂಡು ಗಾಬರಿಯಾಗಬೇಡ. ಅದು ಸ್ಪ್ರಿಂಗ್ ತನ್ನ ಕಡೆಗೆ ಎಳೆಯುವ ಬಲ. ಅದು ಮಾಡಿದ ಕೆಲಸ –½kX². ನಿಧಾನವಾಗಿ ಎಳೆಯುವ ಕೈ ಅದಕ್ಕೆ ಸರಿಸಮನಾಗಿ ಎದುರು ದಿಕ್ಕಿನಲ್ಲಿ ಬಲ ಹಾಕುತ್ತದೆ, ಅದರ ಕೆಲಸ +½kX². ಪ್ರಶ್ನೆಯಲ್ಲಿ ಯಾರು ಮಾಡಿದ ಕೆಲಸ ಎಂದು ಕೇಳಿದ್ದಾರೆ ಎಂಬುದನ್ನು ಮೊದಲು ಓದಿಕೊಂಡರೆ ಚಿಹ್ನೆ ತಪ್ಪುವುದಿಲ್ಲ.

ಅಂದಹಾಗೆ, ಹಿಗ್ಗುವಿಕೆಗೆ ತಕ್ಕ ಬಲ ಎಂಬ ಈ ನಿಯಮವನ್ನು ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಕಲಸಿದ ಒಗಟಿನ ರೂಪದಲ್ಲಿ ಅಚ್ಚು ಹಾಕಿಸಿ, 1678ರಲ್ಲಿ ಬಿಡಿಸಿ ಹೇಳಿದ. ನಿಯಮ ಇಷ್ಟು ಸರಳವಾಗಿರುವುದರಿಂದಲೇ ನಮಗೆ ತ್ರಿಕೋನ ಸಿಕ್ಕಿದ್ದು. ಬಲ ಬೇರೆ ರೀತಿ ಏರುತ್ತಿದ್ದರೆ ಗೆರೆ ಬಾಗುತ್ತಿತ್ತು, ಅರ್ಧದ ಜಾಗದಲ್ಲಿ ಬೇರೆ ಸಂಖ್ಯೆ ಬರುತ್ತಿತ್ತು, dW ಬರೆದು ಕೂಡುವ ಕ್ರಮ ಮಾತ್ರ ಇದೇ ಇರುತ್ತಿತ್ತು.

ಪ್ರಶ್ನೆ: ಮಗನಿಗೆ ಮನೆಯಲ್ಲೇ ಲೆಕ್ಕ ಹೇಳಿಕೊಡುತ್ತೇನೆ. ನಾನು ಓದಿದ್ದು ವಾಣಿಜ್ಯ. ಆಗಲೇ 10 ಸೆಂ.ಮೀ. ಹಿಗ್ಗಿರುವ ಸ್ಪ್ರಿಂಗನ್ನು ಇನ್ನೂ 10 ಸೆಂ.ಮೀ. ಎಳೆಯಲು ಎಷ್ಟು ಕೆಲಸ ಎಂಬ ಪ್ರಶ್ನೆಗೆ ಅವನು ½k(0.10)² ಎಂದು ಬರೆದ. ಎಳೆದದ್ದು 10 ಸೆಂ.ಮೀ. ತಾನೇ? ಟೀಚರ್ ತಪ್ಪು ಹಾಕಿದ್ದಾರೆ. — ಗೃಹಿಣಿ, ಜಯಲಕ್ಷ್ಮಿಪುರಂ

ಉತ್ತರ: ಟೀಚರ್ ಸರಿಯಾಗಿಯೇ ತಿದ್ದಿದ್ದಾರೆ, ತಾಯಿ. ಮೇಲಿನ ಉತ್ತರದಲ್ಲಿ ‘ಎಲ್ಲಿಂದ ಎಲ್ಲಿಯವರೆಗೆ’ ಎಂದು ಹೇಳಿದೆನಲ್ಲ, ನಿಮ್ಮ ಮಗ ಎಡವಿದ್ದು ಅಲ್ಲೇ. ಸೂತ್ರದಲ್ಲಿರುವ x ಈಗ ಎಳೆದ ದೂರವನ್ನು ಸೂಚಿಸುವುದಿಲ್ಲ. ಏನೂ ತೂಕವಿಲ್ಲದಾಗ ಸ್ಪ್ರಿಂಗ್ ಎಷ್ಟು ಉದ್ದವಿತ್ತೋ ಅಲ್ಲಿಂದ ಅಳೆದದ್ದು x.

ಅದೇ 24.5ರ ಸ್ಪ್ರಿಂಗನ್ನು ತೆಗೆದುಕೊಳ್ಳಿ. ಎರಡನೆಯ ಸಲ ಎಳೆಯಲು ಕೈಯಿಟ್ಟಾಗಲೇ ಅದು 2.45 ನ್ಯೂಟನ್ ಬಲದಿಂದ ಹಿಂದಕ್ಕೆ ಜಗ್ಗುತ್ತಿದೆ. ಮುಗಿಸುವ ಹೊತ್ತಿಗೆ 4.90. ಅನುಕಲನದ ಮಿತಿಗಳು 0.10 ಮತ್ತು 0.20 ಮೀಟರ್:

W = ½k(0.20² – 0.10²) = ½ × 24.5 × 0.03 = 0.3675 ಜೂಲ್

ಮೊದಲ 10 ಸೆಂ.ಮೀ.ಗೆ ಬೇಕಾದದ್ದು 0.1225. ಎರಡನೆಯ 10 ಸೆಂ.ಮೀ.ಗೆ ಸರಿಯಾಗಿ ಅದರ ಮೂರರಷ್ಟು. ಮಗ ಮಾಡುವ ಇನ್ನೊಂದು ತಪ್ಪನ್ನೂ ಈಗಲೇ ತಡೆಯಬಹುದು: 0.20ರಿಂದ 0.10 ಕಳೆದು ಆಮೇಲೆ ವರ್ಗ ಮಾಡಬಾರದು. ವರ್ಗ ಮಾಡಿ ಆಮೇಲೆ ಕಳೆಯಬೇಕು. ಸಂಶಯ ಬಂದರೆ ಸರಾಸರಿಯಿಂದ ತಾಳೆ ನೋಡಿ. ಬಲ ಒಂದೇ ಸಮನೆ ಏರುವುದರಿಂದ ಮೊದಲಿನ ಮತ್ತು ಕೊನೆಯ ಬಲಗಳ ಸರಾಸರಿ 3.675 ನ್ಯೂಟನ್, ಅದನ್ನು 0.10ರಿಂದ ಗುಣಿಸಿದರೆ ಅದೇ 0.3675.

ಸೆಂಟಿಮೀಟರನ್ನು ಮೀಟರಿಗೆ ತಾರದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಅವನಿಗೆ ಒಮ್ಮೆ ಮಾಡಿ ತೋರಿಸಿ. x = 10 ಎಂದು ಹಾಕಿದರೆ ಉತ್ತರ 1225 ಜೂಲ್. 125 ಕಿಲೋ ಭಾರವನ್ನು ಒಂದು ಮೀಟರ್ ಎತ್ತಿದರೆ ಆಗುವ ಕೆಲಸ ಅದು. ಎರಡು ಬೆರಳಲ್ಲಿ ಎಳೆಯುವ ಸ್ಪ್ರಿಂಗಿನಲ್ಲಿ ಅಷ್ಟು ಇರಲಾರದು ಎಂದು ಮಗುವಿಗೆ ತಾನೇ ಗೊತ್ತಾಗುತ್ತದೆ. ವರ್ಗ ಇರುವುದರಿಂದ ಈ ತಪ್ಪು ನೂರರಷ್ಟಕ್ಕೆ ನಿಲ್ಲದೆ ಹತ್ತು ಸಾವಿರದಷ್ಟಾಗುತ್ತದೆ.

ಪ್ರಶ್ನೆ: ಸ್ಪ್ರಿಂಗಿಗೆ 250 ಗ್ರಾಂ ಹಾಕಿದಾಗ ಅದು 10 ಸೆಂ.ಮೀ. ಇಳಿದು ನಿಂತರೆ ತೂಕ ಕಳೆದುಕೊಂಡ ಶಕ್ತಿ mgh = 0.245 ಜೂಲ್. ಸ್ಪ್ರಿಂಗಿನಲ್ಲಿ ಸೇರಿದ್ದು 0.1225. ಉಳಿದರ್ಧ ಎಲ್ಲಿ ಹೋಯಿತು? ಶಕ್ತಿ ನಾಶವಾಗುವುದಿಲ್ಲ ಎಂದಮೇಲೆ ಲೆಕ್ಕ ಕೂಡಬೇಕಲ್ಲ. — ಬಿ.ಎಸ್ಸಿ. ವಿದ್ಯಾರ್ಥಿ, ಮೈಸೂರು

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ತೂಕವನ್ನು ಹೇಗೆ ಇಳಿಸಿದಿರಿ ಎಂಬುದನ್ನು ನೆನಪು ಮಾಡಿಕೊಳ್ಳಿ. ಅಂಗೈ ಮೇಲಿಟ್ಟುಕೊಂಡು ಮೆಲ್ಲಗೆ ಇಳಿಸಿದ್ದರೆ ದಾರಿಯುದ್ದಕ್ಕೂ ಕೈ ಅದನ್ನು ಮೇಲಕ್ಕೆ ತಡೆಯುತ್ತಿತ್ತು. ಶುರುವಿನಲ್ಲಿ ಪೂರ್ತಿ 2.45 ನ್ಯೂಟನ್, ಕೊನೆಯಲ್ಲಿ ಸೊನ್ನೆ. ಕೈಯ ಬಲ mg – kx. ಅದು ಚಲನೆಯ ಎದುರಿಗೆ ಇರುವುದರಿಂದ ಕೈ ಮಾಡಿದ ಕೆಲಸ –0.1225 ಜೂಲ್. ಉಳಿದರ್ಧವನ್ನು ನಿಮ್ಮ ಕೈ ಹೊರಗೆ ತೆಗೆಯಿತು.

ಕೈ ಹಿಡಿಯದೆ ಥಟ್ಟನೆ ಬಿಟ್ಟು ನೋಡಿ. ತೂಕ 10 ಸೆಂ.ಮೀ.ಯಲ್ಲಿ ನಿಲ್ಲುವುದಿಲ್ಲ, ಹತ್ತಿರ ಹತ್ತಿರ 20 ಸೆಂ.ಮೀ.ವರೆಗೆ ಇಳಿದು ಮತ್ತೆ ಮೇಲೇರುತ್ತದೆ. ಆ ತುದಿಯಲ್ಲಿ mgh = 2.45 × 0.20 = 0.49, ಸ್ಪ್ರಿಂಗಿನಲ್ಲಿ ½ × 24.5 × 0.04 = 0.49. ಲೆಕ್ಕ ಕೂಡಿತು. 10 ಸೆಂ.ಮೀ.ಯನ್ನು ದಾಟುವಾಗ ನಿಮ್ಮ ‘ಉಳಿದರ್ಧ’ ತೂಕದ ಚಲನಶಕ್ತಿಯಾಗಿರುತ್ತದೆ. ಮೇಲೆ ಕೆಳಗೆ ಆಡಿ ಆಡಿ ಗಾಳಿಯ ಮತ್ತು ತಂತಿಯೊಳಗಿನ ಘರ್ಷಣೆಯಿಂದ ಅದು ಬಿಸಿಯಾಗಿ ಸೋರಿಹೋದಮೇಲೆ ತೂಕ 10ರಲ್ಲಿ ನಿಲ್ಲುತ್ತದೆ. ಸ್ಪ್ರಿಂಗ್ 20 ಸೆಂ.ಮೀ. ತಡೆಯುವಂಥದ್ದೇ ಎಂದು ಖಾತ್ರಿಯಾಗದೆ ಹೀಗೆ ಬಿಡಬೇಡಿ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಮಕ್ಕಳಿಗೆ ತೋರಿಸಲೆಂದು ಹಾರ್ಡ್‌ವೇರ್ ಅಂಗಡಿಯಿಂದ ಒಂದು ಎಳೆಯುವ ಸ್ಪ್ರಿಂಗ್ ತಂದೆ. 50 ಗ್ರಾಂ ಹಾಕಿದರೆ ಅಲುಗಲೇ ಇಲ್ಲ. 100ಕ್ಕೂ ಇಲ್ಲ. 150ಕ್ಕೆ 1 ಸೆಂ.ಮೀ., 200ಕ್ಕೆ 2, 250ಕ್ಕೆ 3, 300ಕ್ಕೆ 4. ಬಲವನ್ನು ಹಿಗ್ಗುವಿಕೆಯಿಂದ ಭಾಗಿಸಿದರೆ k ಒಂದೊಂದು ಸಲ ಒಂದೊಂದು ಬರುತ್ತಿದೆ: 147, 98, 81.7, 73.5. ಸ್ಪ್ರಿಂಗ್ ಹಾಳಾಗಿದೆಯೇ? ಇದರಲ್ಲಿ ಕೆಲಸದ ಲೆಕ್ಕ ಮಾಡುವುದು ಹೇಗೆ? — ಶಿಕ್ಷಕರು, ಜಯಲಕ್ಷ್ಮಿಪುರಂ

ಉತ್ತರ: ಸ್ಪ್ರಿಂಗ್ ಹಾಳಾಗಿಲ್ಲ ಮೇಷ್ಟ್ರೇ. ನಿಮ್ಮ ಅಂಕಿಗಳು ನನಗೆ ಈ ಕಂತಿನಲ್ಲೇ ಹೆಚ್ಚು ಇಷ್ಟವಾದವು, ಏಕೆಂದರೆ ½kx² ಎಂಬುದನ್ನು ಬಾಯಿಪಾಠ ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ, ಅನುಕಲನ ಬರೆಯಬಲ್ಲವರು ದಾಟುತ್ತಾರೆ.

ಆ ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತುಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ನಡುವೆ ತೆಳು ಕಾಗದವೂ ತೂರುವುದಿಲ್ಲ. ಇಂಥ ಸ್ಪ್ರಿಂಗ್‌ಗಳನ್ನು ಸುತ್ತುವಾಗಲೇ ತಂತಿಗೆ ತಿರುಚು ಕೊಟ್ಟು, ಸುತ್ತುಗಳು ತಾವಾಗಿಯೇ ಒಂದನ್ನೊಂದು ಒತ್ತುವಂತೆ ಮಾಡಿರುತ್ತಾರೆ. ಬೈಕಿನ ಸ್ಟ್ಯಾಂಡ್ ಸ್ಪ್ರಿಂಗ್ ಈ ಜಾತಿಯದು. ಹೊರಗಿನ ಬಲ ಈ ಒಳಒತ್ತಡವನ್ನು ಮೀರುವವರೆಗೆ ಸುತ್ತುಗಳು ಬಿಡಿಸಿಕೊಳ್ಳುವುದಿಲ್ಲ. ಇದನ್ನು ಆರಂಭಿಕ ಬಿಗಿತ ಎನ್ನೋಣ, F₀ ಎಂದು ಬರೆಯೋಣ. ನಿಮ್ಮ ಸ್ಪ್ರಿಂಗಿನಲ್ಲಿ ಅದು 100 ಗ್ರಾಂ ತೂಕದಷ್ಟು, 0.98 ನ್ಯೂಟನ್. ಪಿಯುಸಿ ಲ್ಯಾಬಿನ ಸ್ಪ್ರಿಂಗ್‌ಗಳಲ್ಲಿ ಸುತ್ತುಗಳ ನಡುವೆ ಸಾಮಾನ್ಯವಾಗಿ ಸಂದು ಇರುತ್ತದೆ, ಅಥವಾ ಮೊದಲೇ ಒಂದು ತೂಕ ಹಾಕಿ ಸುತ್ತು ಬಿಡಿಸಿಕೊಂಡ ಮೇಲೆ ಸೊನ್ನೆ ಗುರುತು ಮಾಡಿಕೊಳ್ಳುತ್ತಾರೆ. ಹಾಗಾಗಿ ಅಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ.

k ಕಂಡುಹಿಡಿಯಲು ಬಲವನ್ನು ಹಿಗ್ಗುವಿಕೆಯಿಂದ ಭಾಗಿಸಬೇಡಿ. ಗ್ರಾಫ್ ಹಾಳೆಯಲ್ಲಿ ಬಿಂದುಗಳನ್ನು ಇಟ್ಟು ಗೆರೆಯ ಇಳಿಜಾರು ತೆಗೆಯಿರಿ. 100 ಗ್ರಾಂ ಆದಮೇಲೆ ಪ್ರತಿ 50 ಗ್ರಾಂಗೂ, ಅಂದರೆ 0.49 ನ್ಯೂಟನ್ನಿಗೂ, ತಪ್ಪದೆ 1 ಸೆಂ.ಮೀ. ಹಿಗ್ಗಿದೆ. ಇಳಿಜಾರು 49 ನ್ಯೂಟನ್ ಪ್ರತಿ ಮೀಟರ್, ಅದು ಎಲ್ಲೂ ಬದಲಾಗಿಲ್ಲ. ಬಲ ಮತ್ತು ಹಿಗ್ಗುವಿಕೆಗಳ ಸಂಬಂಧ ಈಗಲೂ ಸರಳರೇಖೆಯೇ. ಆದರೆ ಗೆರೆ ಮೂಲಬಿಂದುವಿನಿಂದ ಹೊರಡದೆ 0.98ರ ಎತ್ತರದಿಂದ ಹೊರಟಿದೆ:

F = F₀ + kx = 0.98 + 49x

ನಿಮ್ಮ ಭಾಗಲಬ್ಧಗಳು 147ರಿಂದ 73.5ಕ್ಕೆ ಇಳಿಯುತ್ತಾ ಬಂದದ್ದು ಇದರ ಗುರುತು. ತೂಕ ಹೆಚ್ಚಿದಂತೆ F₀ನ ಪಾಲು ಸಣ್ಣದಾಗುತ್ತದೆ, ಭಾಗಲಬ್ಧ ನಿಜವಾದ 49ರ ಕಡೆಗೆ ಸರಿಯುತ್ತದೆ, ಆದರೆ ಅದನ್ನು ಮುಟ್ಟುವುದಿಲ್ಲ.

ಕೆಲಸದ ಲೆಕ್ಕಕ್ಕೆ ಹೊಸದೇನೂ ಕಲಿಯಬೇಕಿಲ್ಲ. ಒಂದು ತುಂಡಿಗೆ dW = (F₀ + kx) dx. 0 ಯಿಂದ 0.04 ಮೀಟರ್‌ವರೆಗೆ ಅನುಕಲಿಸಿದರೆ

W = F₀X + ½kX² = 0.0392 + 0.0392 = 0.0784 ಜೂಲ್

ನಿಮ್ಮ ಅಂಕಿಗಳಲ್ಲಿ ಎರಡು ಭಾಗವೂ ಸಮನಾಗಿ ಬಂದದ್ದು ಕಾಕತಾಳೀಯ. ಗ್ರಾಫಿನಲ್ಲಿ ಇದು ತ್ರಾಪಿಜ್ಯ: ಕೆಳಗೆ F₀ ಎತ್ತರದ ಆಯತ, ಅದರ ಮೇಲೆ ತ್ರಿಕೋನ. ಕೊನೆಯ 73.5ನ್ನೇ k ಎಂದು ಹಿಡಿದು ½kX² ಹಾಕಿದ್ದರೆ 0.0588 ಬರುತ್ತಿತ್ತು, ಕಾಲು ಭಾಗ ಕಡಿಮೆ. ಸರಿಯಾದ 49ನ್ನೇ ಹಿಡಿದು F₀ ಬಿಟ್ಟಿದ್ದರೆ ಅರ್ಧವೇ ಹೋಗುತ್ತಿತ್ತು.

ತರಗತಿಯಲ್ಲಿ ತೋರಿಸುವಾಗ ಇನ್ನೊಂದನ್ನು ಗಮನಿಸಿ. ಕೆಳತುದಿಯಲ್ಲಿ ಗೆರೆ ಮೂಲಬಿಂದುವನ್ನು ತಪ್ಪಿಸಿದರೆ ಅದು ಬಿಗಿತ, ಅದರಲ್ಲಿ ದೋಷವಿಲ್ಲ. ಮೇಲ್ತುದಿಯಲ್ಲಿ ಗೆರೆ ಬಾಗಿ ಪ್ರತಿ 50 ಗ್ರಾಂಗೆ 1 ಸೆಂ.ಮೀ.ಗಿಂತ ಹೆಚ್ಚು ಹಿಗ್ಗತೊಡಗಿದರೆ ಎಚ್ಚರಿಕೆ ಬೇಕು. ತಂತಿ ಸ್ಥಿತಿಸ್ಥಾಪಕ ಮಿತಿಯನ್ನು ದಾಟುತ್ತಿರಬಹುದು. ತೂಕಗಳನ್ನು ಒಂದೊಂದಾಗಿ ತೆಗೆಯುತ್ತಾ ಮುಳ್ಳಿನ ಜಾಗ ಬರೆದುಕೊಳ್ಳಿ. ಏರುವಾಗ ಇದ್ದ ಗುರುತಿಗೇ ಮರಳಿದರೆ ಸ್ಪ್ರಿಂಗ್ ಕ್ಷೇಮ. ಮರಳದಿದ್ದರೆ ನೀವು ಮಾಡಿದ ಕೆಲಸದ ಒಂದು ಪಾಲು ತಂತಿಯನ್ನು ಖಾಯಂ ಆಗಿ ಎಳೆದುಹಾಕಲು ಖರ್ಚಾಗಿದೆ, ಅದು ವಾಪಸು ಸಿಗುವುದಿಲ್ಲ. ಆ ಹಂತದಿಂದ ಆಚೆಗೆ kx ಎಂಬ ಬಲವೂ ಇಲ್ಲ, ½kx² ಎಂಬ ಸೂತ್ರವೂ ಇಲ್ಲ. ಆಗ ಗ್ರಾಫ್ ಹಾಳೆಯ ಚೌಕಗಳನ್ನು ಎಣಿಸಿ ವಿಸ್ತೀರ್ಣ ತೆಗೆಯಬೇಕು.

ಇಂಥ ಪ್ರಯೋಗ ಮಾಡುವ ಎಲ್ಲ ಮೇಷ್ಟ್ರು ಮೇಡಂಗಳಲ್ಲಿ ಒಂದು ಕೋರಿಕೆ. ಮಕ್ಕಳಿಗೆ ತೂಕ ಹಾಕುವಾಗಿನ ಅಂಕಿಗಳ ಜೊತೆಗೆ ತೆಗೆಯುವಾಗಿನ ಅಂಕಿಗಳನ್ನೂ ಬರೆಯಲು ಹೇಳಿ. ಎರಡೂ ಕಾಲಂ ಇರುವ ಕೋಷ್ಟಕಗಳನ್ನು ನನಗೆ ಕಳುಹಿಸಿ, ಮುಂದಿನ ಕಂತುಗಳಲ್ಲಿ ಅವನ್ನೇ ತೆಗೆದುಕೊಂಡು ಲೆಕ್ಕ ಮಾಡೋಣ.